ಸಾರವೆ ಹತ್ತುವ ಮುಂಚಿನ ಐದು ನಿಮಿಷ

ಕೆಲಸ ಶುರುವಾಗುವ ಮುಂಚೆ ಸೈಟಿನಲ್ಲೇ ನಿಂತು ಮೇಸ್ತ್ರಿ ಆಡುವ ಐದು ನಿಮಿಷದ ಮಾತಿಗೆ ‘ಟೂಲ್‌ಬಾಕ್ಸ್ ಟಾಕ್’ ಎನ್ನುತ್ತಾರೆ. ಇದಕ್ಕೆಂದು ಸಿಗುವ ಹಲವು ಇಂಗ್ಲಿಷ್ ಹಾಳೆಗಳು ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ‘ಓಶಾ’ದ ನಿಯಮಗಳನ್ನು ಆಧರಿಸಿವೆ. ಅದನ್ನು ಸಾಲುಸಾಲಾಗಿ ಕನ್ನಡದಲ್ಲಿ ಓದಿಬಿಟ್ಟರೆ ಬೆಳಿಗ್ಗೆ ಎಂಟು ಗಂಟೆಗೆ ಯಾರ ಕಿವಿಗೂ ಬೀಳುವುದಿಲ್ಲ. ಆ ದಿನ ಹತ್ತಬೇಕಾದ ಸಾರವೆಗೆ ಬೇಕಾದದ್ದನ್ನಷ್ಟೇ ಆರಿಸಿಕೊಳ್ಳಬೇಕು.

ಮೂರಂತಸ್ತಿನ ಮನೆ, ಹೊರಗೋಡೆಯ ಪ್ಲಾಸ್ಟರಿಂಗ್, ನಾಲ್ಕಡಿ ಅಗಲದ ಕಬ್ಬಿಣದ ಸಾರವೆ, ರಾತ್ರಿ ಜೋರು ಮಳೆ ಎಂದಿಟ್ಟುಕೊಳ್ಳಿ. ಆಗ ಮಾತು ಹೀಗೆ ಶುರುವಾಗಬಹುದು:

“ನೋಡ್ರಪ್ಪಾ, ಮೊದಲು ಕೆಳಗೆ ನೋಡಿ. ಈ ಮೂಲೇಲಿರೋದು ಪಾಯಕ್ಕೆ ಅಗೆದು ಮತ್ತೆ ತುಂಬಿದ ಮಣ್ಣು, ನೆನೆದರೆ ಕೂತ್ಕೊಳ್ಳುತ್ತೆ. ಒಂದೊಂದು ಕಾಲಿನ ಕೆಳಗೂ ಕಬ್ಬಿಣದ ಪ್ಲೇಟು, ಅದರಡಿ ಹಲಗೆ ಇರಬೇಕು. ಪ್ಲೇಟನ್ನ ಕೈಯಲ್ಲಿ ತಿರುಗಿಸಿ ನೋಡಿ. ಸಲೀಸಾಗಿ ತಿರುಗಿದರೆ ಆ ಕಾಲು ಭಾರ ಹೊತ್ತಿಲ್ಲ, ಪಕ್ಕದ ಕಾಲುಗಳು ಅದರ ಪಾಲನ್ನೂ ಹೊತ್ತಿವೆ. ಸಂದಿಗೆ ಇಟ್ಟಿಗೆ ಚೂರು ಸಿಕ್ಕಿಸಬೇಡಿ. ಹತ್ತೋದು ಬಿಟ್ಟು ನನ್ನನ್ನ ಕರೀರಿ.”

ಇಟ್ಟಿಗೆ ಬೇಡ ಎನ್ನಲು ಕಾರಣವಿದೆ. ಇಡೀ ಕಾಲಿನ ಭಾರ ಒಂದೇ ಕಡೆ ಒತ್ತಿದಾಗ ಅದು ಸುಳಿವೇ ಕೊಡದೆ ಸೀಳಿಬಿಡುತ್ತದೆ.

ಎರಡನೆಯದು ಟೈ, ಅಂದರೆ ಸಾರವೆಯನ್ನು ಗೋಡೆಗೆ ಹಿಡಿದಿಡುವ ಅಡ್ಡ ಪೈಪು. ಎತ್ತರವು ಬುಡದ ಅಗಲದ ನಾಲ್ಕು ಪಟ್ಟನ್ನು ಮೀರಿದರೆ ಟೈ ಕಟ್ಟಲೇಬೇಕು ಎನ್ನುತ್ತದೆ ಓಶಾ. ನಮ್ಮ ನಾಲ್ಕಡಿ ಸಾರವೆಗೆ ಅದು 16 ಅಡಿ. ಹಾಳೆಯಲ್ಲಿ ಇಷ್ಟೇ ಇರುತ್ತದೆ. ನನ್ನ ಮಟ್ಟಿಗೆ ನಿಜವಾದ ಅಪಾಯ ಇರುವುದು ಕಟ್ಟುವುದರಲ್ಲಲ್ಲ, ಬಿಚ್ಚುವುದರಲ್ಲಿ. ಗಾರೆಯವನು ಕಿಟಕಿಯ ಹತ್ತಿರ ಬಂದಾಗ ಟೈ ಕರಣೆಗೆ ಅಡ್ಡ ಬರುತ್ತದೆ. ಕ್ಲ್ಯಾಂಪ್ ಸಡಿಲಿಸಿ ಪೈಪು ಎಳೆದುಬಿಡುತ್ತಾನೆ. ಸಾರವೆ ಅಲುಗುವುದೂ ಇಲ್ಲ, ಹಾಗಾಗಿ ತಪ್ಪಾಯಿತೆಂದು ಅವನಿಗೆ ಅನಿಸುವುದಿಲ್ಲ. ಮಧ್ಯಾಹ್ನ ಹೊರಗೆ ಕಟ್ಟಿದ ಹಸಿರು ಬಲೆಯನ್ನು ಗಾಳಿ ತಳ್ಳಿದಾಗಲೋ, ಹೊರ ಅಂಚಿನಲ್ಲಿ ಗಾರೆ ಬಾಂಡ್ಲಿಗಳು ಸಾಲಾಗಿ ಕೂತಾಗಲೋ ಸಾರವೆ ಗೋಡೆಯಿಂದ ದೂರ ವಾಲುತ್ತದೆ.

ಟೈ ತೆಗೆಯಲೇಬಾರದು ಎಂದು ಗದರಿದರೆ ಕದ್ದು ತೆಗೆಯುತ್ತಾರೆ, ಯಾಕೆಂದರೆ ಅದರ ಹಿಂದಿನ ಗೋಡೆಗೂ ಗಾರೆ ಬೀಳಬೇಕಲ್ಲ! ಸಾರವೆ ಕಟ್ಟುವವನೇ ಹತ್ತಿರದಲ್ಲಿ ಹೊಸ ಟೈ ಬಿಗಿದು, ಆಮೇಲೆ ಹಳೆಯದನ್ನು ಬಿಚ್ಚಬೇಕು.

ಆದ್ದರಿಂದ ಕೊನೆಗೆ “ಅರ್ಥ ಆಯ್ತಾ?” ಎಂದು ಕೇಳಬಾರದು, ಎಲ್ಲರೂ ಹೂಂ ಎಂದು ರಿಜಿಸ್ಟರಿಗೆ ಸಹಿ ಹಾಕಿ ಹೋಗುತ್ತಾರೆ. “ಇವತ್ತು ಯಾವ ಟೈ ಅಡ್ಡ ಬರುತ್ತೆ?” ಎಂದು ಕೇಳಬೇಕು. “ಎರಡನೇ ಮಹಡಿ ಬಾತ್‌ರೂಮ್ ಕಿಟಕಿದು ಬರುತ್ತೆ ಮೇಸ್ತ್ರಿ” ಎಂದು ಒಬ್ಬ ಹೇಳಿದರೆ, ಗಾರೆ ಕಲಸುವ ಮುಂಚೆಯೇ ಸಾರವೆಯವನನ್ನು ಅಲ್ಲಿಗೆ ಕಳಿಸಬಹುದು.