ಉಳಿದ ಅನುದಾನಕ್ಕೊಂದು ವಿವರಣೆ

ಕೇಂದ್ರ ಸರ್ಕಾರದ ಇಲಾಖೆಯಿಂದ ಸಂಶೋಧನೆಗೆ ಅನುದಾನ ಪಡೆದ ಕಾಲೇಜು, ಯೋಜನೆಯ ಅವಧಿ ಮುಗಿದ ಮೇಲೆ ಲೆಕ್ಕ ಒಪ್ಪಿಸಬೇಕು. ಹಣ ಬಳಕೆ ಪ್ರಮಾಣಪತ್ರ, ಬಾಬ್ತುವಾರು ಖರ್ಚಿನ ತಖ್ತೆ, ಇವೆರಡರ ಮೇಲೆ ಒಂದು ಕವರಿಂಗ್ ಲೆಟರ್ ಹೋಗುತ್ತದೆ. ಮೊದಲೆರಡಕ್ಕೆ ಅಚ್ಚಾದ ನಮೂನೆಗಳಿವೆ, ಅಂಕಿ ತುಂಬಿದರೆ ಕೆಲಸ ಮುಗಿಯುತ್ತದೆ. ಕವರಿಂಗ್ ಲೆಟರಿಗೆ ನಮೂನೆಯಿಲ್ಲ. ಹೀಗಾಗಿ ಹೆಚ್ಚಿನ ಕಡೆ ಅದು ‘ಲಗತ್ತಿಸಿದ ದಾಖಲೆಗಳನ್ನು ಸ್ವೀಕರಿಸಬೇಕಾಗಿ ಕೋರಿಕೆ’ ಎಂಬ ಎರಡು ಸಾಲಿಗೆ ಮುಗಿದುಬಿಡುತ್ತದೆ. ಇಡೀ ಹಣ ಖರ್ಚಾಗಿದ್ದರೆ ಆ ಎರಡು ಸಾಲು ಸಾಕು. ಸ್ವಲ್ಪ ಹಣ ಉಳಿದಿದ್ದರೆ ಸಾಲದು. ಎಷ್ಟು ಉಳಿಯಿತು ಎಂಬುದನ್ನು ತಖ್ತೆ ಹೇಳುತ್ತದೆ. ಏಕೆ ಉಳಿಯಿತು ಎಂದು ಹೇಳಲು ಇರುವ ಜಾಗ ಈ ಪತ್ರವೊಂದೇ.

ಇಂಥ ಅನುದಾನಗಳಿಗೆ ಅನ್ವಯಿಸುವುದು 2017ರ ಸಾಮಾನ್ಯ ಹಣಕಾಸು ನಿಯಮಗಳು. ಅನುದಾನ ಪಡೆದ ಸಂಸ್ಥೆಗಳ ಹಣ ಬಳಕೆ ಪ್ರಮಾಣಪತ್ರಕ್ಕೆ ಅದರಲ್ಲಿ 12-ಎ ಎಂಬ ನಮೂನೆ ಇದೆ. ಹಣಕಾಸು ವರ್ಷ ಮುಗಿದ ಹನ್ನೆರಡು ತಿಂಗಳೊಳಗೆ ಅದನ್ನು ಸಲ್ಲಿಸಬೇಕು ಎಂಬುದು ನಿಯಮದಲ್ಲಿರುವ ಹೊರಮಿತಿ. ಮಂಜೂರಾತಿ ಆದೇಶದಲ್ಲಿ ಇದಕ್ಕಿಂತ ಕಡಿಮೆ ಗಡುವು ಬರೆದಿದ್ದರೆ ಅದನ್ನೇ ಪಾಲಿಸಬೇಕಾಗುತ್ತದೆ. ಆರಂಭದ ಶಿಲ್ಕು, ಬಂದ ಅನುದಾನ, ಬಡ್ಡಿ, ಖರ್ಚು, ಅಂತಿಮ ಶಿಲ್ಕು ಎಲ್ಲಕ್ಕೂ ನಮೂನೆಯಲ್ಲಿ ಕಾಲಂಗಳಿವೆ. ಹಣ ಉಳಿಯಬಹುದು ಎಂಬುದನ್ನು ನಿಯಮ ಮೊದಲೇ ಒಪ್ಪಿಕೊಂಡಿದೆ ಎಂದಾಯಿತು. ಆದರೂ ಉಳಿಕೆ ತೋರಿಸಿದರೆ ಮುಂದಿನ ಅನುದಾನಕ್ಕೆ ಕಲ್ಲು ಬೀಳುತ್ತದೆ ಎಂಬ ಭಯ ಕಾಲೇಜುಗಳಲ್ಲಿ ಆಳವಾಗಿ ಬೇರೂರಿದೆ. ಮಾರ್ಚ್ ಕೊನೆಯ ವಾರದಲ್ಲಿ ಬೇಕಿಲ್ಲದ ಪ್ರಿಂಟರ್, ರೀಮುಗಟ್ಟಲೆ ಕಾಗದ ಬರುವುದು ಈ ಭಯದಿಂದಲೇ. ಅದೇ ನಿಯಮಾವಳಿ ವರ್ಷಾಂತ್ಯದ ಖರ್ಚಿನ ನೂಕುನುಗ್ಗಲನ್ನು ಹಣಕಾಸು ಶಿಸ್ತಿನ ಉಲ್ಲಂಘನೆ ಎಂದು ಕರೆಯುತ್ತದೆ. ಕಾರಣ ಸಮೇತ ಹಿಂತಿರುಗಿಸಿದ ಹಣಕ್ಕಿಂತ ಮಾರ್ಚ್ 30ರ ಪ್ರಿಂಟರ್ ಬಿಲ್ಲೇ ಲೆಕ್ಕಪರಿಶೋಧಕರ ಕಣ್ಣಿಗೆ ಹೆಚ್ಚು ಬೀಳುತ್ತದೆ.

ಇದನ್ನು ತಿಳಿಯಲು ಒಂದು ಕಲ್ಪಿತ ಉದಾಹರಣೆ ಸಾಕು. ಕೋಲಾರ ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡ್ ಇರುವುದು ಹಳೆಯ ಸಮಸ್ಯೆ. ಅಲ್ಲಿನ ಒಂದು ಪದವಿ ಕಾಲೇಜಿನ ರಸಾಯನಶಾಸ್ತ್ರ ವಿಭಾಗ ಕೊಳವೆಬಾವಿಗಳ ನೀರಿನ ಪರೀಕ್ಷೆಗೆ ಎರಡು ವರ್ಷದ ಯೋಜನೆ ಪಡೆದಿದೆ ಎಂದುಕೊಳ್ಳಬಹುದು. ಅವಧಿ 2022ರ ಏಪ್ರಿಲ್ 1ರಿಂದ 2024ರ ಮಾರ್ಚ್ 31. ಮಂಜೂರಾಗಿ ಕೈಸೇರಿದ ಹಣ 5,00,000 ರೂಪಾಯಿ. ಅದರ ಹಂಚಿಕೆ ಹೀಗೆ: ಫ್ಲೋರೈಡ್ ಅಳೆಯುವ ಮೀಟರ್ ಮತ್ತದರ ಎಲೆಕ್ಟ್ರೋಡಿಗೆ 1,50,000, ಕ್ಷೇತ್ರ ಸಹಾಯಕರ ಸಂಬಳಕ್ಕೆ ತಿಂಗಳಿಗೆ 10,000ದಂತೆ 2,40,000, ರಾಸಾಯನಿಕ ಮತ್ತು ಗಾಜಿನ ಸಾಮಾನಿಗೆ 50,000, ಪ್ರಯಾಣಕ್ಕೆ 40,000, ಸಾದಿಲ್ವಾರಿಗೆ 20,000.

ಅವಧಿ ಮುಗಿದಾಗ ಖರ್ಚು 4,70,650 ರೂಪಾಯಿ, ಉಳಿಕೆ 29,350. ಪತ್ರದಲ್ಲಿ ‘ಮಿತವ್ಯಯದಿಂದಾಗಿ ಅಲ್ಪ ಮೊತ್ತ ಉಳಿದಿರುತ್ತದೆ’ ಎಂದು ಬರೆದು ಕೈತೊಳೆದುಕೊಳ್ಳಬಹುದು. ಹಾಗೆ ಬರೆದರೆ ಓದುವ ಅಧಿಕಾರಿಗೆ ಏನೂ ತಿಳಿಯುವುದಿಲ್ಲ, ಮಿತವ್ಯಯ ಮಾಡಿದ್ದೋ ಕೆಲಸವನ್ನೇ ಬಿಟ್ಟದ್ದೋ ಎಂಬ ಅನುಮಾನ ಮಾತ್ರ ಹುಟ್ಟುತ್ತದೆ. 29,350 ಎಂಬುದು ಒಂದೇ ಕಾರಣಕ್ಕೆ ಉಳಿದ ಹಣವಲ್ಲ. ಒಂದೊಂದು ಬಾಬ್ತಿನಲ್ಲಿ ಒಂದೊಂದು ಕಾರಣಕ್ಕೆ ಉಳಿದದ್ದು ಸೇರಿ ಅಷ್ಟಾಗಿದೆ. ಅದನ್ನು ಬಿಡಿಸಿ ಹೇಳಿದಾಗಲೇ ವಿವರಣೆ ಎನಿಸಿಕೊಳ್ಳುತ್ತದೆ.

ಮೊದಲನೆಯದು ಮೀಟರ್. ಖರೀದಿ ಸಮಿತಿ ಒಪ್ಪಿದ ದರ 1,20,000, ಶೇ. 18ರ ಜಿಎಸ್‌ಟಿ 21,600, ಒಟ್ಟು 1,41,600. ಅಂದಾಜಿಗಿಂತ ದರ ಕಡಿಮೆ ಬಂದದ್ದರಿಂದ 8,400 ಉಳಿಯಿತು. ಕೊಟೇಶನ್ನುಗಳು ಕಡತದಲ್ಲಿರುವ ತನಕ ಇಲ್ಲಿ ಒಂದು ವಾಕ್ಯ ಸಾಕು.

ಎರಡನೆಯದು ಸಂಬಳ, ದೊಡ್ಡ ಉಳಿಕೆ ಇಲ್ಲೇ ಇದೆ. ಕ್ಷೇತ್ರ ಸಹಾಯಕರು 2024ರ ಜನವರಿ 31ಕ್ಕೆ ಬೇರೆ ಕೆಲಸ ಸಿಕ್ಕಿ ಹೊರಟರು. ಫೆಬ್ರವರಿ, ಮಾರ್ಚ್ ತಿಂಗಳ ಹುದ್ದೆ ಖಾಲಿ ಉಳಿದು 20,000 ಖರ್ಚಾಗಲಿಲ್ಲ. ಅಧಿಕಾರಿಯ ಮನಸ್ಸಿನಲ್ಲಿ ಆಗ ಎರಡು ಪ್ರಶ್ನೆ ಏಳುತ್ತವೆ. ಬೇರೆಯವರನ್ನು ಏಕೆ ತೆಗೆದುಕೊಳ್ಳಲಿಲ್ಲ? ಆ ಎರಡು ತಿಂಗಳ ಕೆಲಸ ಏನಾಯಿತು? ಎರಡಕ್ಕೂ ಪತ್ರದಲ್ಲೇ ಉತ್ತರವಿರಬೇಕು. ಪ್ರಕಟಣೆ, ಸಂದರ್ಶನ, ನೇಮಕ ಮುಗಿಯುವಷ್ಟರಲ್ಲಿ ಯೋಜನೆಯೇ ಮುಗಿಯುತ್ತಿತ್ತು ಎಂಬುದು ಮೊದಲನೆಯದಕ್ಕೆ ಉತ್ತರ. ಕೊನೆಯ ಸುತ್ತಿನ ನೀರಿನ ಮಾದರಿಗಳನ್ನು ಪ್ರಧಾನ ಸಂಶೋಧಕರು ಹಾಗೂ ಸ್ನಾತಕೋತ್ತರ ವಿದ್ಯಾರ್ಥಿಗಳು ಸಂಭಾವನೆಯಿಲ್ಲದೆ ಸಂಗ್ರಹಿಸಿದರು, ಫಲಿತಾಂಶ ಅಂತಿಮ ವರದಿಯ ಇಂಥ ಕೋಷ್ಟಕದಲ್ಲಿದೆ ಎಂಬುದು ಎರಡನೆಯದಕ್ಕೆ. ಎರಡನೇ ಉತ್ತರವೇ ಹೆಚ್ಚು ತೂಕದ್ದು. ಹಣ ಉಳಿದರೂ ಕೆಲಸ ಉಳಿದಿಲ್ಲ ಎಂಬುದನ್ನು ತೋರಿಸುವುದು ಅದೇ.

ರಾಸಾಯನಿಕಗಳಲ್ಲಿ ಉಳಿದದ್ದು 650. ಇದಕ್ಕೆ ಕಾರಣ ಹುಡುಕುವುದು ಅನಗತ್ಯ.

ಪ್ರಯಾಣದಲ್ಲಿ ಲೆಕ್ಕ ಉಲ್ಟಾ. 40,000ಕ್ಕೆ ಬದಲಾಗಿ 43,200 ಖರ್ಚಾಗಿ, 3,200 ಹೆಚ್ಚಾಗಿದೆ. ಬೇಸಿಗೆಯಲ್ಲಿ ಆಯ್ದ ಕೆಲವು ಕೊಳವೆಬಾವಿಗಳು ಬತ್ತಿ, ದೂರದ ಹಳ್ಳಿಗಳ ಬಾವಿಗಳನ್ನು ಹಿಡಿಯಬೇಕಾಯಿತು ಎಂಬುದು ಕಾರಣ. ಒಟ್ಟಾರೆ ಹಣ ಉಳಿದಿದೆಯಲ್ಲ, ಒಂದು ಕಡೆ ಹೆಚ್ಚಾದರೇನಂತೆ ಎಂದು ಅನೇಕರು ಇದನ್ನು ಬಿಟ್ಟುಬಿಡುತ್ತಾರೆ. ಆದರೆ ಮಂಜೂರಾತಿ ಆಗಿರುವುದು ಬಾಬ್ತುವಾರು. ಒಂದು ಬಾಬ್ತಿನ ಹಣವನ್ನು ಇನ್ನೊಂದಕ್ಕೆ ತಿರುಗಿಸಲು ಹೆಚ್ಚಿನ ಅನುದಾನಗಳಲ್ಲಿ ಮುಂಚಿತ ಒಪ್ಪಿಗೆ ಬೇಕು. ಸಾದಿಲ್ವಾರಿನಿಂದ ಈ ಮೊತ್ತ ಬಳಸಲು ಒಪ್ಪಿಗೆ ಸಿಕ್ಕಿದ್ದರೆ ಆ ಪತ್ರದ ಸಂಖ್ಯೆ, ದಿನಾಂಕವನ್ನು ಇಲ್ಲಿ ಕಾಣಿಸಬೇಕು. ಸಿಕ್ಕಿಲ್ಲದಿದ್ದರೆ ಘಟನೋತ್ತರ ಮಂಜೂರಾತಿ ಕೊಡಿ ಎಂದು ಇದೇ ಪತ್ರದಲ್ಲಿ ಕೇಳಬೇಕು, ಕೊಡುವುದು ಬಿಡುವುದು ಅವರಿಗೆ ಸೇರಿದ್ದು. ಸಾದಿಲ್ವಾರಿನಲ್ಲಿ 16,500 ಖರ್ಚಾಗಿ 3,500 ಮಿಕ್ಕಿದೆ, ಪ್ರಯಾಣದ ಹೆಚ್ಚಳ ಅದರೊಳಗೇ ಅಡಗುತ್ತದೆ.

8,400, 20,000, 650, 3,500 ಕೂಡಿಸಿ 3,200 ಕಳೆದರೆ ಸರಿಯಾಗಿ 29,350. ಪತ್ರ ಓದುವವರು ಮೊದಲು ಮಾಡುವುದೂ ಇದೇ ಲೆಕ್ಕ. ಎದುರಿಗೆ ಮಂಜೂರಾತಿ ಆದೇಶ ಇಟ್ಟುಕೊಂಡು, ಬಾಬ್ತುಗಳನ್ನು ಕೂಡಿ, ಪ್ರಮಾಣಪತ್ರದ ಅಂತಿಮ ಶಿಲ್ಕಿಗೆ ತಾಳೆ ನೋಡುತ್ತಾರೆ. ಮೂರು ಕಾಗದದಲ್ಲಿ ಮೂರು ಅಂಕಿ ಕಂಡರೆ, ವ್ಯತ್ಯಾಸ ಐವತ್ತೇ ರೂಪಾಯಿಯಾದರೂ, ಕಡತ ವಾಪಸ್ಸಾಗುತ್ತದೆ. ಇಂಥ ವ್ಯತ್ಯಾಸಕ್ಕೆ ಮೋಸ ಕಾರಣವಾಗಿರುವುದು ಅಪರೂಪ. ಮಾರ್ಚ್ ಕೊನೆಗೆ ಬರೆದ ಚೆಕ್ಕು ಏಪ್ರಿಲ್‌ನಲ್ಲಿ ನಗದಾಗಿರುತ್ತದೆ, ಬ್ಯಾಂಕು ಎಸ್‌ಎಂಎಸ್ ಶುಲ್ಕ ಕಡಿದುಕೊಂಡದ್ದನ್ನು ಯಾರೂ ಬರೆದಿರುವುದಿಲ್ಲ. ಕ್ಯಾಷ್ ಬುಕ್ಕು, ಪಾಸ್‌ಬುಕ್ಕು ಎರಡನ್ನೂ ಪಕ್ಕಪಕ್ಕ ಇಟ್ಟು ಸಮನ್ವಯ ಮಾಡದೆ ಪತ್ರ ಬರೆಯಲು ಕೂರಬಾರದು ಎಂದು ಅನುಭವಿ ಗುಮಾಸ್ತರು ಹೇಳುವುದು ಅದಕ್ಕೇ.

ಬಡ್ಡಿಯದು ಬೇರೆಯೇ ಕತೆ. ಅನುದಾನದ ಹಣ ಉಳಿತಾಯ ಖಾತೆಯಲ್ಲಿ ಇದ್ದಷ್ಟು ದಿನ ಬಡ್ಡಿ ಬರುತ್ತದೆ. ಅದು ಕಾಲೇಜಿನದೂ ಅಲ್ಲ, ಯೋಜನೆಯದೂ ಅಲ್ಲ. ಲೆಕ್ಕ ಅಂತಿಮವಾದ ಕೂಡಲೇ ಅದನ್ನು ಭಾರತದ ಸಂಚಿತ ನಿಧಿಗೆ ಕಟ್ಟಬೇಕು ಎಂದು 2017ರ ನಿಯಮ ಕಡ್ಡಾಯ ಮಾಡಿದೆ. ಉದಾಹರಣೆಯ ಯೋಜನೆಯಲ್ಲಿ ಬಡ್ಡಿ 6,842 ಎಂದಿಟ್ಟುಕೊಂಡರೆ ಹಿಂತಿರುಗಿಸಬೇಕಾದ ಹಣ ಒಟ್ಟು 36,192. ಪತ್ರದಲ್ಲಿ ಉಳಿಕೆ, ಬಡ್ಡಿ ಎರಡನ್ನೂ ಬೇರೆ ಬೇರೆ ತೋರಿಸಬೇಕು. ಬಡ್ಡಿಯನ್ನು ಉಳಿಕೆಯೊಳಗೆ ಬೆರೆಸಿದರೆ ಬಾಬ್ತುವಾರು ಲೆಕ್ಕ ಕೂಡಿಬರುವುದಿಲ್ಲ. ಬಡ್ಡಿಯ ಸುದ್ದಿಯನ್ನೇ ಎತ್ತದಿದ್ದರೆ ಎರಡು ವರ್ಷ ಹಣ ಎಲ್ಲಿತ್ತು ಎಂಬ ಪ್ರಶ್ನೆ ಬರುತ್ತದೆ. ಹಣವನ್ನು ಬ್ಯಾಂಕಿಗೆ ಮುಂಗಡ ಹಾಕದೆ ಖರ್ಚಿನ ಮಿತಿಯನ್ನಷ್ಟೇ ಕೊಡುವ ಶೂನ್ಯ ಶಿಲ್ಕಿನ ಖಾತೆಗಳ ಪದ್ಧತಿ ಈಚೆಗೆ ಹೆಚ್ಚುತ್ತಿದೆ. ಅಂಥ ಕಡೆ ಬಡ್ಡಿಯೂ ಇಲ್ಲ, ಹಿಂತಿರುಗಿಸುವ ಹಣವೂ ಇಲ್ಲ, ಬಳಸದ ಮಿತಿ ತಾನಾಗಿ ರದ್ದಾಗುತ್ತದೆ. ಆದರೂ ಏಕೆ ಬಳಸಲಿಲ್ಲ ಎಂಬ ವಿವರಣೆ ತಪ್ಪುವುದಿಲ್ಲ.

ಹಣ ಕಟ್ಟುವ ದಾರಿಯನ್ನು ಮಂಜೂರಾತಿ ಆದೇಶ ತಿಳಿಸುತ್ತದೆ. ಸರ್ಕಾರದ ಖಾತೆಗೆ ನೇರ ಹೋಗುವುದಾದರೆ ಭಾರತ್‌ಕೋಶ್ ಪೋರ್ಟಲ್ ಮೂಲಕ, ಇಲ್ಲವಾದರೆ ಅನುದಾನ ಸಂಸ್ಥೆಯ ಖಾತೆಗೆ. ಮೊದಲು ಹಣ ಕಟ್ಟಿ, ರಸೀದಿಯ ಸಂಖ್ಯೆ ಮತ್ತು ದಿನಾಂಕವನ್ನು ಪತ್ರದಲ್ಲಿ ಬರೆಯುವುದು ಜಾಣತನ. ‘ಆದೇಶ ಬಂದ ನಂತರ ಹಿಂತಿರುಗಿಸಲಾಗುವುದು’ ಎಂದು ಬರೆದರೆ ಇನ್ನೊಂದು ಸುತ್ತು ಪತ್ರವ್ಯವಹಾರ ಗ್ಯಾರಂಟಿ.

ಇಷ್ಟೆಲ್ಲ ಸೇರಿದರೂ ಪತ್ರ ಒಂದು ಪುಟ ದಾಟಬೇಕಿಲ್ಲ. ವಿಷಯದಲ್ಲಿ ಯೋಜನೆಯ ಹೆಸರು, ಉಲ್ಲೇಖದಲ್ಲಿ ಮಂಜೂರಾತಿ ಆದೇಶದ ಸಂಖ್ಯೆ ಮತ್ತು ಕಂತುಗಳು ಬಿಡುಗಡೆಯಾದ ದಿನಾಂಕ. ಬಳಿಕ ವಿವರಣೆಯ ಭಾಗ ಹೀಗಿರಬಹುದು:

“ಬಿಡುಗಡೆಯಾದ ರೂ. 5,00,000ರಲ್ಲಿ ರೂ. 4,70,650 ಖರ್ಚಾಗಿದ್ದು ರೂ. 29,350 ಉಳಿದಿದೆ. ಇದರಲ್ಲಿ ರೂ. 20,000, ಕ್ಷೇತ್ರ ಸಹಾಯಕರ ಹುದ್ದೆ ಕೊನೆಯ ಎರಡು ತಿಂಗಳು ಖಾಲಿ ಇದ್ದುದರಿಂದ ಉಳಿದ ಮೊತ್ತ. ಆ ಅವಧಿಯ ಮಾದರಿ ಸಂಗ್ರಹವನ್ನು ಸಂಭಾವನೆಯಿಲ್ಲದೆ ಪೂರ್ಣಗೊಳಿಸಲಾಗಿದೆ. ರೂ. 8,400 ಉಪಕರಣದ ದರ ಅಂದಾಜಿಗಿಂತ ಕಡಿಮೆಯಾದ್ದರಿಂದ ಉಳಿದಿದೆ. ಇನ್ನುಳಿದ ವ್ಯತ್ಯಾಸ ಲಗತ್ತಿಸಿದ ತಖ್ತೆಯಲ್ಲಿದೆ. ಉಳಿಕೆ ಹಾಗೂ ಬಡ್ಡಿ ರೂ. 6,842, ಒಟ್ಟು ರೂ. 36,192 ಅನ್ನು ಹಿಂತಿರುಗಿಸಲಾಗಿದ್ದು ರಸೀದಿ ಲಗತ್ತಿಸಿದೆ.”

ಪ್ರಯಾಣದ ಹೆಚ್ಚಳಕ್ಕೆ ಇದರ ಕೆಳಗೇ ಇನ್ನೊಂದು ವಾಕ್ಯ. ‘ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ’ ಎಂಬ ಕಚೇರಿಯ ಪೀಠಿಕೆ ಬೇಕಿದ್ದರೆ ಇರಲಿ, ಅಂಕಿಗಳು ಅದರ ಹಿಂದೆ ಮರೆಯಾಗದಿದ್ದರೆ ಆಯಿತು.

ಹೆಚ್ಚು ಎಡವಟ್ಟಾಗುವುದು ಖರ್ಚಾಗದ್ದನ್ನು ಖರ್ಚೆಂದು ತೋರಿಸಿದಾಗ. ಪ್ರವಾಸಕ್ಕೆಂದು ಕೊಟ್ಟ ಮುಂಗಡಕ್ಕೆ ಇನ್ನೂ ಬಿಲ್ಲು ಬಂದಿರುವುದಿಲ್ಲ, ಆದರೂ ಅದು ಖರ್ಚಿನ ಕಾಲಂ ಸೇರಿರುತ್ತದೆ. ಹೊಂದಾಣಿಕೆಯಾಗದ ಮುಂಗಡ ಖರ್ಚಲ್ಲ, ಅದನ್ನು ಬೇರೆಯಾಗಿಯೇ ತೋರಿಸಬೇಕು. ಮಾರ್ಚ್‌ನಲ್ಲಿ ಆರ್ಡರ್ ಕೊಟ್ಟು ಏಪ್ರಿಲ್ 9ಕ್ಕೆ ಬಿಲ್ಲಾದ ರಾಸಾಯನಿಕದ ಕತೆಯೂ ಇಂಥದ್ದೇ. ಅವಧಿಯ ಆಚೆಗಿನ ಬಿಲ್ಲಿಗೆ ಆದೇಶದಲ್ಲಿ ಅವಕಾಶವಿಲ್ಲದಿದ್ದರೆ ಆ ಹಣ ಕಾಲೇಜಿನ ಕೈಯಿಂದಲೇ ಹೋಗುತ್ತದೆ. ದಿನಾಂಕ ತಿದ್ದಿ ಹಿಂದಕ್ಕೆ ತಳ್ಳುವ ಉಪಾಯ ಇನ್‌ವಾಯ್ಸ್ ಸಂಖ್ಯೆಯ ಸರಣಿಯಲ್ಲೇ ಸಿಕ್ಕಿಬೀಳುತ್ತದೆ, ಜಿಎಸ್‌ಟಿ ಬಂದ ಮೇಲಂತೂ ಮಾರಿದವರ ಲೆಕ್ಕದಲ್ಲೂ ಅದೇ ದಿನಾಂಕ ದಾಖಲಾಗಿರುತ್ತದೆ.

ಪತ್ರಕ್ಕೆ ಪ್ರಾಂಶುಪಾಲರು ಮತ್ತು ಪ್ರಧಾನ ಸಂಶೋಧಕರು ಸಹಿ ಹಾಕುತ್ತಾರೆ. ಚಾರ್ಟರ್ಡ್ ಅಕೌಂಟೆಂಟ್ ದೃಢೀಕರಣ ಬೇಕಾದ ಕಡೆ, 2019ರ ಫೆಬ್ರವರಿಯಿಂದ ಅವರ ಪ್ರಮಾಣಪತ್ರದ ಮೇಲೆ ಯುಡಿಐಎನ್ ಎಂಬ 18 ಅಂಕಿಯ ಗುರುತು ಸಂಖ್ಯೆ ಕಡ್ಡಾಯ, ಅದಿಲ್ಲದ ಪ್ರಮಾಣಪತ್ರವನ್ನು ಅನುದಾನ ಸಂಸ್ಥೆ ತಿರಸ್ಕರಿಸಬಹುದು. ಮೀಟರನ್ನು ಸ್ಥಿರಾಸ್ತಿ ವಹಿಯಲ್ಲಿ ಏರಿಸಿದ ಪುಟದ ಪ್ರತಿಯೂ ಲಗತ್ತಿನಲ್ಲಿರಬೇಕು. ಯೋಜನೆ ಮುಗಿದರೂ ಅಂಥ ಉಪಕರಣವನ್ನು ಅನುದಾನ ಕೊಟ್ಟವರ ಒಪ್ಪಿಗೆಯಿಲ್ಲದೆ ಮಾರುವಂತಿಲ್ಲ. ಅನುದಾನ ಪಡೆದ ಸಂಸ್ಥೆಯ ಲೆಕ್ಕಪತ್ರಗಳನ್ನು ಪರಿಶೀಲಿಸುವ ಅಧಿಕಾರ ಮಂಜೂರು ಮಾಡಿದವರಿಗೂ ಮಹಾಲೇಖಪಾಲರ ತಂಡಕ್ಕೂ ಇದೆ. ಆ ತಂಡ ಬರುವ ಹೊತ್ತಿಗೆ ಸಂಶೋಧಕರು ಬೇರೆ ಊರಿಗೆ ವರ್ಗವಾಗಿ, ಗುಮಾಸ್ತರು ನಿವೃತ್ತರಾಗಿ ಇರಬಹುದು. ಹಾಗಾಗಿ ಪತ್ರದ ಕಚೇರಿ ಪ್ರತಿ, ಹಣ ಕಟ್ಟಿದ ರಸೀದಿ, ವೋಚರುಗಳು ಮೂರೂ ಒಂದೇ ಕಡತದಲ್ಲಿ ಇರಬೇಕು.