ಸ್ವೆತಿಕ್ ಮತ್ತು ಕತ್ಯೂಶಾ

ಶಾಲೆಯ ಪಟ್ಟಿಗೊಂದು ಹೆಸರು, ಮನೆಯ ಕರೆಗೊಂದು ಹೆಸರು. ತೇನಿ, ಕಂಬಂ, ದಿಂಡಿಗಲ್ಲಿನ ಕನ್ನಡ ಮನೆಗಳಿಗೆ ಇದು ಹೊಸತಲ್ಲ. ರಷ್ಯನ್ನರಲ್ಲಾದರೋ ಹೆಸರಿನ ಕೊನೆಯ ಪ್ರತ್ಯಯವೇ ಸಲುಗೆಯ ಅಳತೆಯನ್ನು ತಿಳಿಸುತ್ತದೆ. ಬೆಂಗಳೂರಿನ ಬಳಿಯ ತಾತಗುಣಿಯಲ್ಲಿ ನೆಲೆಸಿದ್ದ ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್ ಅವರು ತಾಯಿಯ ಪತ್ರಗಳಲ್ಲಿ ‘ಸ್ವೆತಿಕ್’. ಪರರು ಗೌರವದಿಂದ ತಂದೆಯ ಹೆಸರನ್ನೂ ಸೇರಿಸಿ ‘ಸ್ವೆತೊಸ್ಲಾವ್ ನಿಕೊಲಾಯೆವಿಚ್’ ಎನ್ನಬೇಕು. ತಾಯಿಯೇ ಮಗನನ್ನು ಹಾಗೆ ಕರೆದರೆ ಅದು ಮುನಿಸು ಅಥವಾ ವಿನೋದ.

ಮೊಟಕಾದ ಹೆಸರೆಲ್ಲವೂ ಮುದ್ದಿನದಲ್ಲ. ಟಾಲ್‌ಸ್ಟಾಯ್ ಅವರ ‘ಪುನರುತ್ಥಾನ’ (1899) ಕಾದಂಬರಿಯಲ್ಲಿ ಜಮೀನ್ದಾರ ಸೋದರಿಯರಿಬ್ಬರು ಯೆಕತೆರೀನಾ ಎಂಬ ಅನಾಥೆಯನ್ನು ಸಾಕುತ್ತಾರೆ. ಅವಳು ಅರ್ಧ ಸೇವಕಿ, ಅರ್ಧ ಸಾಕುಮಗಳು. ‘ಕಾತ್ಕಾ’ ಎಂದರೆ ಆಳನ್ನು ಕೂಗಿದಂತೆ. ‘ಕಾತೆಂಕಾ’ ಎಂದರೆ ಮನೆಮಗಳನ್ನು ಮುದ್ದಿಸಿದಂತೆ. ಎರಡೂ ಒಪ್ಪದೆ ನಡುವಿನ ‘ಕತ್ಯೂಶಾ’ ನಿಂತಿತು. ಮನೆಯಲ್ಲಿ ಅವಳ ಸ್ಥಾನವೆಷ್ಟೆಂಬುದನ್ನು ಆ ಒಂದು ಪ್ರತ್ಯಯವೇ ಹೇಳಿಬಿಡುತ್ತದೆ.

ಮುಂದೆ ಆರೋಪಿಯಾಗಿ ನ್ಯಾಯಾಲಯದಲ್ಲಿ ನಿಂತಾಗ ಅವಳು ಮೊದಲು ಬೇರೊಂದು ಹೆಸರನ್ನು ಹೇಳುತ್ತಾಳೆ. ನಾಮಕರಣದ ಹೆಸರೇನೆಂದು ಮತ್ತೆ ಕೇಳಿದ ಮೇಲೆಯೇ ‘ಕತೆರೀನಾ’ ಎನ್ನುತ್ತಾಳೆ. ಹಿಂದೆ ಅವಳನ್ನು ಕೆಡಿಸಿ ತೊರೆದಿದ್ದ ನೆಖ್ಲ್ಯುದೊವ್ ಅಂದು ಪಂಚರ ಸಾಲಿನಲ್ಲಿ ಕುಳಿತಿದ್ದಾನೆ. ಅವನು ಬಲ್ಲದ್ದು ಕತ್ಯೂಶಾಳನ್ನು.