ಹಸಿರು ಬರ್ಫಿಯ ಬಣ್ಣ ಎರಡಾಗಿ ಒಡೆದರೆ ಅದು ವಿಷವೇ?

ಹಸಿರು ಬಣ್ಣದ ಸಿಹಿತಿಂಡಿಯ ನೀರನ್ನು ಕಾಗದದ ಪಟ್ಟಿಗೆ ಹಚ್ಚುತ್ತಾರೆ. ಪಟ್ಟಿಯ ತುದಿಯನ್ನು ಉಪ್ಪುನೀರಿಗೆ ಇಳಿಬಿಡುತ್ತಾರೆ. ಸ್ವಲ್ಪ ಹೊತ್ತಿಗೆ ಹಸಿರು ಮಾಯವಾಗಿ, ಕೆಳಗೊಂದು ಹಳದಿ, ಮೇಲೊಂದು ನೀಲಿ ಚುಕ್ಕೆ ಕಾಣುತ್ತದೆ. "ನೋಡಿ ಕಲಬೆರಕೆ, ಎಲ್ಲರಿಗೂ ಶೇರ್ ಮಾಡಿ!" ಇಂಥ ವಿಡಿಯೊ ನಿಮಗೂ ಬಂದಿರಬಹುದು.

ಪ್ರಯೋಗ ಸುಳ್ಳಲ್ಲ, ಅದರ ಹೆಸರು ಪೇಪರ್ ಕ್ರೊಮ್ಯಾಟೋಗ್ರಫಿ. ತಪ್ಪಿರುವುದು ಅದರ ಅರ್ಥದಲ್ಲಿ. ಎರಡು ಚುಕ್ಕೆ ಎಂದರೆ ಎರಡು ಬಣ್ಣ ಬೆರೆಸಿದ್ದಾರೆ, ಅಷ್ಟೇ. ಟಾರ್ಟ್ರಜೈನ್ ಎಂಬ ಹಳದಿಗೆ ಬ್ರಿಲಿಯಂಟ್ ಬ್ಲೂ ಎಂಬ ನೀಲಿ ಸೇರಿಸಿದರೆ ಹಸಿರಾಗುತ್ತದೆ. ಇವೆರಡಕ್ಕೂ ನಮ್ಮ ದೇಶದಲ್ಲಿ ಅನುಮತಿ ಇದೆ. ಅನುಮತಿ ಇಲ್ಲದ ಮ್ಯಾಲಕೈಟ್ ಗ್ರೀನ್ ಒಂದೇ ಬಣ್ಣ, ಅದು ಹಳದಿ ನೀಲಿಯಾಗಿ ಒಡೆಯುವುದೇ ಇಲ್ಲ! ಹಾಗೆಂದು ಒಂಟಿ ಹಸಿರು ಚುಕ್ಕೆ ಕಂಡರೂ ಗಾಬರಿ ಬೇಡ. ಅನುಮತಿ ಇರುವ ಫಾಸ್ಟ್ ಗ್ರೀನ್ ಕೂಡ ಒಂದೇ ಬಣ್ಣ.

ಹಾಗಾದರೆ ಚುಕ್ಕೆ ಯಾವುದೆಂದು ಗುರುತಿಸುವುದು ಹೇಗೆ? ಅದು ಎಷ್ಟು ದೂರ ಏರಿತು ಎಂಬುದರಿಂದ. ಬಣ್ಣ ಕಾಗದಕ್ಕೆ ಅಂಟಿಕೊಂಡಷ್ಟೂ ಹಿಂದುಳಿಯುತ್ತದೆ, ನೀರಿನ ಜೊತೆ ಹೋದಷ್ಟೂ ಮೇಲೇರುತ್ತದೆ. ಚುಕ್ಕೆ ಏರಿದ ದೂರವನ್ನು ನೀರು ಏರಿದ ದೂರದಿಂದ ಭಾಗಿಸಿದರೆ ಬರುವುದೇ ಆರ್‌ಎಫ್ ಮೌಲ್ಯ. ಅದು 0 ಮತ್ತು 1ರ ನಡುವೆ ಇರುತ್ತದೆ.

ಪಟ್ಟಿಯ ಬುಡದಿಂದ 2 ಸೆಂ.ಮೀ. ಮೇಲೆ ಪೆನ್ಸಿಲ್ ಗೆರೆ ಎಳೆದು, ಅದರ ಮೇಲೆ ಬಣ್ಣದ ಸಣ್ಣ ಚುಕ್ಕೆ ಇಟ್ಟಿದ್ದೇವೆ ಎಂದುಕೊಳ್ಳಿ. (ಪೆನ್ನಿನ ಗೆರೆಯಾದರೆ ಅದರ ಶಾಯಿಯೂ ಏರತೊಡಗುತ್ತದೆ.) ಉಪ್ಪುನೀರು ಗೆರೆಗಿಂತ ಕೆಳಗೇ ಇರಬೇಕು, ಇಲ್ಲದಿದ್ದರೆ ಬಣ್ಣ ಅದರಲ್ಲೇ ಕರಗಿಹೋಗುತ್ತದೆ. ಪಟ್ಟಿ ಹೊರತೆಗೆದ ಕೂಡಲೇ ನೀರು ಮುಟ್ಟಿದ ಎತ್ತರವನ್ನು ಗುರುತು ಮಾಡಬೇಕು, ಒಣಗಿದ ಮೇಲೆ ಅದು ಕಾಣುವುದಿಲ್ಲ. ಗೆರೆಯಿಂದ ನೀರು 8 ಸೆಂ.ಮೀ., ಹಳದಿ ಚುಕ್ಕೆಯ ನಡುಭಾಗ 5.6, ನೀಲಿಯದು 7.6 ಸೆಂ.ಮೀ. ಏರಿದೆ.

ಹಳದಿ: 5.6 ÷ 8 = 0.70
ನೀಲಿ: 7.6 ÷ 8 = 0.95

ಹಲವರು ಗೆರೆಯ ಬದಲು ಕಾಗದದ ಬುಡದಿಂದಲೇ ಅಳೆಯುತ್ತಾರೆ. ಆಗ ಹಳದಿ 7.6 ÷ 10, ಅಂದರೆ 0.76 ಆಗಿಬಿಡುತ್ತದೆ. ಅದೇ ಚುಕ್ಕೆ, ಬೇರೆ ಉತ್ತರ.

ಈ 0.70 ಅನ್ನು ಇಂಟರ್‌ನೆಟ್ಟಿನ ಯಾವುದೋ ಪಟ್ಟಿಗೆ ಹೋಲಿಸುವುದೂ ತಪ್ಪು. ಕಾಗದ, ಉಪ್ಪಿನ ಪ್ರಮಾಣ, ಬಿಸಿ ಬದಲಾದರೆ ಸಂಖ್ಯೆಯೂ ಬದಲಾಗುತ್ತದೆ. ಅದಕ್ಕೇ ಗೊತ್ತಿರುವ ಟಾರ್ಟ್ರಜೈನನ್ನು ಅದೇ ಕಾಗದದಲ್ಲಿ, ಅದೇ ಗೆರೆಯ ಮೇಲೆ ಪಕ್ಕದಲ್ಲೇ ಓಡಿಸಬೇಕು. ಎರಡೂ ಒಂದೇ ಎತ್ತರಕ್ಕೆ ಬಂದರೂ "ಇರಬಹುದು" ಎನ್ನಬಹುದೇ ಹೊರತು "ಹೌದು" ಎನ್ನಲಾಗದು, ಏಕೆಂದರೆ ಬೇರೆ ಬೇರೆ ಬಣ್ಣಗಳಿಗೂ ಒಂದೇ ಆರ್‌ಎಫ್ ಬರುವುದುಂಟು. ಬೇರೆ ದ್ರಾವಕದಲ್ಲಿ ಮತ್ತೆ ಓಡಿಸಿದಾಗಲೂ ಜೊತೆಗೇ ಏರಿದರೆ ಅನುಮಾನ ಕಡಿಮೆಯಾಗುತ್ತದೆ.

ಇನ್ನೊಂದು ಮಾತು. ಸಿಹಿತಿಂಡಿಯಲ್ಲಿ ಅನುಮತಿ ಇರುವ ಕೃತಕ ಬಣ್ಣವೂ ಕೆ.ಜಿ.ಗೆ 100 ಮಿಲಿಗ್ರಾಂ ಮೀರಬಾರದು. ಬರ್ಫಿಯಲ್ಲಿ ಅದು ಮೀರಿದೆಯೇ ಎಂಬುದನ್ನು ಆರ್‌ಎಫ್ ಹೇಳುವುದಿಲ್ಲ, ಅದನ್ನು ಪ್ರಯೋಗಾಲಯದಲ್ಲೇ ಅಳೆಯಬೇಕು.